ಭಾನುವಾರದ ಒಂದು ಪುಟ: ವಾರದ ಪಾಠ, ಗೆಲುವು ಮತ್ತು ಮುಂದಿನ ಮೂರು ಕೆಲಸ

ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಕಳೆದ ವಾರ ಏನಾಯಿತು ಅಂತ ಬರೆಯುವ ಅಭ್ಯಾಸ ಶುರು ಮಾಡಿದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ನೆನಪಿನಿಂದ ಬರೆಯುತ್ತಾರೆ. ಭಾನುವಾರ ಕೂತರೆ ಶುಕ್ರವಾರ, ಶನಿವಾರ ಮಾತ್ರ ಚೆನ್ನಾಗಿ ನೆನಪಿರುತ್ತವೆ. ಸೋಮವಾರ ಏನು ಮಾಡಿದೆವು ಅಂದರೆ ತಲೆ ಕೆರೆದುಕೊಳ್ಳಬೇಕು. ಆಮೇಲೆ ಜೋರಾಗಿ ಜಗಳ ಆದದ್ದು, ಕರೆಂಟ್ ಹೋದದ್ದು, ಯಾರೋ ಫೋನಲ್ಲಿ ಕೂಗಾಡಿದ್ದು, ಇಂಥವೇ ವಾರದ ಮುಖ್ಯ ವಿಷಯ ಅನ್ನಿಸಿಬಿಡುತ್ತವೆ. ಅದರ ಮೇಲೆ ಪಾಠ ಬರೆದರೆ ಪಾಠವೂ ತಪ್ಪು, ಮುಂದಿನ ವಾರದ ಕೆಲಸವೂ ತಪ್ಪು.

ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ನೆನಪಿಗೆ ಕೊನೆಯ ಜಾಗ, ದಾಖಲೆಗೆ ಮೊದಲ ಜಾಗ.

ನಾನು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಅದರಲ್ಲಿ ಒಂದು ನಮ್ಮ ದೊಡ್ಡಪ್ಪನ ಮಗಳದು. ಆರು ಮಷಿನ್, ಒಬ್ಬ ಕಟಿಂಗ್ ಮಾಸ್ಟರ್, ಒಬ್ಬ ಹೆಲ್ಪರ್, ಎಲ್ಲಾ ಆರ್ಡರ್ ಕೊಟ್ಟ ಪಾರ್ಟಿಗಳಿಗೆ ಹೊಲಿದುಕೊಡುವ ಜಾಬ್ ವರ್ಕ್. ಅಕ್ಕ ಭಾನುವಾರ ಬೆಳಗ್ಗೆ ಹೀಗೆ ಒಂದು ಪುಟ ಬರೆಯುತ್ತಾಳೆ, ಎಷ್ಟೋ ಸಲ ನಾನೂ ಪಕ್ಕದಲ್ಲಿ ಕೂತಿರುತ್ತೇನೆ. ಅವಳದೇ ಒಂದು ವಾರ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಕಿರಾಣಿ ಅಂಗಡಿ ಇರಬಹುದು, ಓದು ಇರಬಹುದು, ಸಿಂಧನೂರಿನ ಕಡೆ ಭತ್ತದ ಗದ್ದೆ ಇರಬಹುದು, ಕ್ರಮ ಮಾತ್ರ ಇದೇ.

ಯಾವಾಗ, ಎಲ್ಲಿ

ದಿನ ಮತ್ತು ಹೊತ್ತು ಮೊದಲೇ ಗೊತ್ತಿರಲಿ, ಅದೂ ಈಗಾಗಲೇ ನಡೆಯುತ್ತಿರುವ ಒಂದು ಕೆಲಸದ ಬೆನ್ನಿಗೇ ಇರಲಿ. ಯೂನಿಟ್‌ನಲ್ಲಿ ಶನಿವಾರ ಸಂಜೆ ಬಟವಾಡೆ. ದುಡ್ಡು ಎಣಿಸಿ ಕೊಟ್ಟು, ಅಡ್ವಾನ್ಸ್ ಕೇಳಿದವರಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ತಲೆ ಖಾಲಿ ಆಗಿರುತ್ತದೆ, ಆಗ ಬೇಡ. ಮರುದಿನ ಬೆಳಗ್ಗೆ ಚಹಾ ಕುಡಿದ ಮೇಲೆ, ಮಾರ್ಕೆಟ್‌ಗೆ ಹೋಗುವ ಮೊದಲು ಒಳ್ಳೆಯ ಹೊತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಎಂಟು ಗಂಟೆ ದಾಟಿದರೆ ಬಿಸಿಲು ಕೂರಲು ಬಿಡಲ್ಲ, ಅದಕ್ಕಿಂತ ಮುಂಚೆಯೇ ಮುಗಿಸಿ. ಯೂನಿಟ್‌ನಲ್ಲಿ ಕೂರಬೇಡಿ. ಅಲ್ಲಿ ಕೂತರೆ ಕಣ್ಣು ಬಿದ್ದ ಕಡೆಯೆಲ್ಲ ಒಂದು ಕೆಲಸ ಕಾಣುತ್ತದೆ.

ಬೇಕಾದದ್ದು ಒಂದು 200 ಪುಟದ ನೋಟ್‌ಬುಕ್, ಪೆನ್ನು, ವಾರದ ದಾಖಲೆಗಳು. ಎಡಗಡೆ ಪುಟದಲ್ಲಿ ಆದದ್ದು, ಬಲಗಡೆ ಪುಟದಲ್ಲಿ ಪಾಠ, ಗೆಲುವು, ಮುಂದಿನದು. ಒಂದು ವಾರಕ್ಕೆ ಅಷ್ಟೇ ಜಾಗ. ಜಾಸ್ತಿ ಜಾಗ ಕೊಟ್ಟರೆ ಅದು ಡೈರಿ ಆಗುತ್ತದೆ, ಡೈರಿ ಬೇರೆ ಕೆಲಸ.

ಮೊದಲ ಎಂಟು ನಿಮಿಷ: ಬರೀ ಆದದ್ದು

ಸೋಮವಾರದಿಂದ ಶನಿವಾರದ ತನಕ ದಿನಕ್ಕೊಂದು ಸಾಲು. ಯಾಕಾಯಿತು, ಯಾರ ತಪ್ಪು, ಇವೆಲ್ಲ ಈಗ ಬೇಡ. ಮತ್ತೆ, ಈ ಸಾಲುಗಳನ್ನು ನೆನಪಿನಿಂದ ಬರೆಯುವಂತಿಲ್ಲ. ವಾರ ಪೂರ್ತಿ ನೀವು ಎಲ್ಲೆಲ್ಲಿ ಗುರುತು ಬಿಟ್ಟಿದ್ದೀರೋ ಅಲ್ಲಿಂದ ಎತ್ತಬೇಕು. ಅಕ್ಕನಿಗೆ ಅವು ನಾಲ್ಕು: ಯಾರು ಯಾವ ದಿನ ಎಷ್ಟು ಪೀಸ್ ಮುಗಿಸಿದರು ಅಂತ ಬರೆದ ಬಟವಾಡೆ ಪುಸ್ತಕ, ವಾಷಿಂಗ್‌ಗೆ ಕಳಿಸಿದ ಚಲನ್ ಪುಸ್ತಕ, ಫೋನಿನ ಕಾಲ್ ಪಟ್ಟಿ, ಫೋನ್‌ಪೇ ಹಿಸ್ಟರಿ. ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗನಿಗೆ ಬರೆದ ಮಾಕ್ ಟೆಸ್ಟ್ ಪೇಪರ್‌ಗಳು ಮತ್ತು ಲೈಬ್ರರಿಯ ಸಹಿ ಪುಸ್ತಕ. ಗದ್ದೆಯವರಿಗೆ ಗೊಬ್ಬರದಂಗಡಿಯ ಬಿಲ್ಲು, ಕೂಲಿ ಲೆಕ್ಕ, ಫೋನಲ್ಲಿ ತೆಗೆದ ಬೆಳೆಯ ಫೋಟೋ. ಫೋಟೋ ಮೇಲೆ ತಾರೀಖು ಇರುತ್ತದೆ ಅಲ್ವಾ, ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಆ ವಾರ ಅಕ್ಕನ ಹತ್ತಿರ 400 ಪ್ಯಾಂಟಿನ ಒಂದು ಆರ್ಡರ್ ಇತ್ತು. ಕಟಿಂಗ್ ಹಿಂದಿನ ವಾರವೇ ಆಗಿತ್ತು, ಶನಿವಾರ ಸಂಜೆ 400 ಪೀಸೂ ವಾಷಿಂಗ್‌ಗೆ ಹೋಗಬೇಕಿತ್ತು. ದಿನಕ್ಕೆ ಸುಮಾರು 67 ಪೀಸ್ ಮುಗಿಯಬೇಕು. ಹೋದದ್ದು 318.

"ಯಾಕೆ ಅಕ್ಕ?" ಅಂತ ಕೇಳಿದೆ.

"ಕರೆಂಟಪ್ಪಾ, ಮಂಗಳವಾರ ಎರಡು ತಾಸು ಇರಲೇ ಇಲ್ಲ. ಯಾರನ್ನ ಬೇಕಾದ್ರೂ ಕೇಳು."

ಮಾಸ್ಟರನ್ನು ಕೇಳಿದರೂ ಅದೇ, ಟೈಲರ್‌ಗಳನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಬಟವಾಡೆ ಪುಸ್ತಕ ತೆಗೆದು ಎಡಗಡೆ ಪುಟದಲ್ಲಿ ಬರೆದೆವು:

ಸೋಮ 62
ಮಂಗಳ 66 (ಕರೆಂಟ್ ಎರಡು ತಾಸು ಇಲ್ಲ)
ಬುಧ 28
ಗುರು 31
ಶುಕ್ರ 71
ಶನಿ 60 (ಸಂಜೆ ಬಟವಾಡೆ)

ಕರೆಂಟ್ ಹೋದ ದಿನ 66 ಪೀಸ್ ಆಗಿವೆ. ಸಂಜೆ ಸ್ವಲ್ಪ ಹೊತ್ತು ಹೆಚ್ಚಿಗೆ ಕೂತು ಸರಿ ಮಾಡಿಕೊಂಡಿದ್ದಾರೆ. ಆದರೆ ಬುಧವಾರ, ಗುರುವಾರ ಎರಡೂ ಸೇರಿ 59. ಅಲ್ಲಿ 134 ಆಗಬೇಕಿತ್ತು. ಒಟ್ಟು ಕಡಿಮೆ ಬಿದ್ದ 82 ಪೀಸ್‌ನಲ್ಲಿ 75ರಷ್ಟು ಆ ಎರಡು ದಿನದಲ್ಲೇ ಹೋಗಿವೆ. ಈ ಆರು ಸಾಲು ಬರೆಯದೇ ಹೋಗಿದ್ದರೆ ಆ ವಾರದ ಪಾಠ "ಇನ್ವರ್ಟರ್ ತಗೋಬೇಕು" ಅಂತ ಆಗುತ್ತಿತ್ತು, ಅದಕ್ಕೆ ಸಾಲವೂ ಆಗುತ್ತಿತ್ತು.

ಮುಂದಿನ ಹತ್ತು ನಿಮಿಷ: ಅಂದುಕೊಂಡದ್ದು ಏನು, ಆದದ್ದು ಏನು

ಈಗ ಹಿಂದಿನ ವಾರದ ಪುಟ ತಿರುಗಿಸಿ. ಆಗ ಮುಂದಿನ ಕೆಲಸ ಅಂತ ಏನು ಬರೆದಿದ್ದಿರೋ ಅದನ್ನು ಈ ವಾರದ ಸಾಲುಗಳ ಪಕ್ಕ ಇಟ್ಟು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಏನಾಗಬೇಕು ಅಂತಿತ್ತು? ಏನಾಯಿತು? ಎರಡಕ್ಕೂ ಅಂತರ ಯಾಕೆ ಬಂತು? ಮುಂದಿನ ಸಲ ಏನು ಬೇರೆ ಮಾಡಬೇಕು? ಅಮೆರಿಕದ ಸೈನ್ಯದಲ್ಲಿ 1970ರ ದಶಕದಿಂದ ತರಬೇತಿ ಮುಗಿದ ಕೂಡಲೇ ಎಲ್ಲರನ್ನೂ ಕೂರಿಸಿಕೊಂಡು ಹೆಚ್ಚೂಕಡಿಮೆ ಇದೇ ಪ್ರಶ್ನೆಗಳನ್ನು ಕೇಳುವ ಪದ್ಧತಿ ಬಂತು. ಅಲ್ಲಿ ಮೊದಲ ಪ್ರಶ್ನೆಗೇ ಬಹಳ ಬೆಲೆ. ಏನಾಗಬೇಕಿತ್ತು ಅನ್ನುವುದು ಮೊದಲೇ ಬರೆದಿರದಿದ್ದರೆ, ಕೆಲಸ ಆದಮೇಲೆ ಮನಸ್ಸು "ನನಗೆ ಮೊದಲೇ ಗೊತ್ತಿತ್ತು" ಅಂತ ಕಥೆ ಬದಲಾಯಿಸುತ್ತದೆ. ಅದಕ್ಕೇ ಹಳೆಯ ಪುಟ ಬೇಕು.

ಯಾಕೆ ಅನ್ನುವ ಪ್ರಶ್ನೆಯನ್ನು ಒಂದೇ ಸಲ ಕೇಳಿ ಬಿಡಬೇಡಿ. ಅಕ್ಕನ ಪುಟದಲ್ಲಿ ಅದು ಹೀಗೆ ಇಳಿಯಿತು. ಬುಧ, ಗುರು ಯಾಕೆ ಕಡಿಮೆ? ಜಿಪ್ ಮುಗಿದಿತ್ತು. ಯಾಕೆ ಮುಗಿಯಿತು, 400ರ ಪೂರ್ತಿ ಡಬ್ಬಿ ಇತ್ತಲ್ಲ? ಡಬ್ಬಿ ಮೇಲೆ 400 ಅಂತ ಬರೆದಿತ್ತು, ಆದರೆ ಹಿಂದಿನ ಆರ್ಡರ್‌ಗೆ ಕಡಿಮೆ ಬಿದ್ದಾಗ ಅದರಿಂದಲೇ ತೆಗೆದಿದ್ದರು. ತೆಗೆದದ್ದು ಯಾಕೆ ಗೊತ್ತಾಗಲಿಲ್ಲ? ಯಾರೂ ಬರೆಯಲಿಲ್ಲ, ಹೊಲಿಗೆ ಶುರು ಮಾಡುವ ಮುಂಚೆ ಯಾರೂ ಎಣಿಸಲೂ ಇಲ್ಲ. ಆ ಅಳತೆ, ಆ ಬಣ್ಣದ ಜಿಪ್ ಊರಲ್ಲಿ ಸಿಗದೆ ಬೆಂಗಳೂರಿಂದ ಬಸ್ಸಿಗೆ ಹಾಕಿಸಿ ತರಿಸುವಷ್ಟರಲ್ಲಿ ಗುರುವಾರ ಮಧ್ಯಾಹ್ನ ಆಗಿತ್ತು.

ಎಲ್ಲಿಗೆ ನಿಲ್ಲಿಸಬೇಕು ಅಂದರೆ, ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸ ಸಿಕ್ಕ ಕೂಡಲೇ. ಇಲ್ಲಿ ಅದು ಎಣಿಕೆ. ಅದಕ್ಕಿಂತ ಕೆಳಗೆ ಹೋದರೆ "ಹುಡುಗರಿಗೆ ಜವಾಬ್ದಾರಿ ಇಲ್ಲ" ಅನ್ನುವ ಮಾತಿಗೆ ಹೋಗಿ ಮುಟ್ಟುತ್ತೀರಿ, ಅದರಿಂದ ಸೋಮವಾರ ಮಾಡುವುದಕ್ಕೆ ಏನೂ ಸಿಗಲ್ಲ.

ಪಾಠ ಬರೆಯುವ ರೀತಿ

ವಾರಕ್ಕೆ ಒಂದೇ ಪಾಠ. ಐದು ಹೊಳೆದರೂ ಒಂದನ್ನೇ ಆರಿಸಿ, ಯಾವುದರಿಂದ ಜಾಸ್ತಿ ನಷ್ಟ ಆಯಿತೋ ಅದನ್ನು. ಐದು ಹೊಸ ನಿಯಮ ಒಟ್ಟಿಗೆ ತಂದರೆ ಬುಧವಾರದ ಹೊತ್ತಿಗೆ ಒಂದೂ ಉಳಿದಿರಲ್ಲ.

ಅಕ್ಕ ಮೊದಲು ಬರೆದದ್ದು: "ಇನ್ನು ಮುಂದೆ ಸ್ಟಾಕ್ ಬಗ್ಗೆ ಹುಷಾರಾಗಿರಬೇಕು." ಇದು ಪಾಠ ಅಲ್ಲ, ಆಸೆ. ಯಾವಾಗ ಹುಷಾರಾಗಿರಬೇಕು? ಹುಷಾರು ಅಂದರೆ ಕೈ ಏನು ಮಾಡಬೇಕು? ಈ ಎರಡು ಅದರಲ್ಲಿ ಇಲ್ಲ. ಪಾಠವನ್ನು ಯಾವಾಗಲೂ "ಇಂಥದ್ದು ಎದುರಾದಾಗ, ಇಂಥದ್ದು ಮಾಡುವುದು" ಅನ್ನುವ ರೂಪದಲ್ಲಿ ಬರೆಯಿರಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಸುಮ್ನೆ ಗುರಿ ಇಟ್ಟುಕೊಂಡವರಿಗಿಂತ, ಯಾವ ಸಂದರ್ಭದಲ್ಲಿ ಏನು ಮಾಡುತ್ತೇನೆ ಅಂತ ಮೊದಲೇ ಜೋಡಿಸಿಟ್ಟುಕೊಂಡವರು ಕೆಲಸ ಮುಗಿಸುವುದು ಹೆಚ್ಚು ಅಂತ ಅವರೂ ಅವರ ಜೊತೆಯವರೂ ತೋರಿಸಿದ್ದಾರೆ. ಸಂದರ್ಭ ಎದುರಾದಾಗ ಅದೇ ನೆನಪು ಮಾಡಿಕೊಡುತ್ತದೆ, ನಾವು ಬೇರೆ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ತಿದ್ದಿದ ಮೇಲೆ ಪಾಠ ಹೀಗಾಯಿತು: "ಕಟಿಂಗ್ ಮೇಜಿನ ಮೇಲೆ ಬಟ್ಟೆ ಹಾಸುವ ಮೊದಲು ಮಾಸ್ಟರ್ ಮತ್ತು ನಾನು ಜಿಪ್, ಬಟನ್, ರಿವಿಟ್ ಎಣಿಸಿ ಆರ್ಡರ್ ಚೀಟಿ ಮೇಲೆ ಬರೆಯುವುದು. ಕಡಿಮೆ ಇದ್ದರೆ ಆಗಲೇ ಫೋನ್ ಮಾಡಿ ತರಿಸುವುದು, ಬಂದ ಮೇಲೆ ಬಟ್ಟೆ ಹಾಸುವುದು."

ಇದನ್ನು ಓದಿ ಹೇಳಿದಾಗ ಮಾಸ್ಟರ್ ಕೂಡಲೇ ಒಂದು ಮಾತು ಹೇಳಿದರು: "ಅಕ್ಕಾರೆ, ನಾನೂರು ಜಿಪ್ ಎಣಿಸ್ತಾ ಕೂತ್ರೆ ಬಟ್ಟೆ ಯಾವಾಗ ಹಾಸೋದ್ರಿ?" ನ್ಯಾಯವಾದ ಮಾತು. 50 ಜಿಪ್ ಎಣಿಸಿ ತಕ್ಕಡಿಯಲ್ಲಿ ತೂಗಿ, ಆ ತೂಕ ಡಬ್ಬಿ ಮೇಲೆ ಬರೆದಿಟ್ಟರೆ ಮುಂದೆ ಅದೇ ಅಳತೆಯ ಜಿಪ್‌ಗೆ ತೂಗಿದರೆ ಸಾಕು, ಹೆಚ್ಚೂಕಡಿಮೆ ಲೆಕ್ಕ ಸಿಗುತ್ತದೆ. ಅದನ್ನೂ ಪಾಠಕ್ಕೆ ಸೇರಿಸಿದೆವು. ಪಾಠ ಬರೆದಾದ ಮೇಲೆ ಅದನ್ನು ನಿಜವಾಗಿ ಮಾಡಬೇಕಾದವರಿಗೆ ಓದಿ ಹೇಳಬೇಕು ಅನ್ನುವುದು ಇದಕ್ಕೇ. ಆಗದ ನಿಯಮ ಯಾವುದು ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ.

ಇನ್ನೊಂದು ಮಾತು. ನೋಟ್‌ಬುಕ್ಕಿನಲ್ಲಿ ಉಳಿದ ಪಾಠ ಕೆಲಸಕ್ಕೆ ಬರಲ್ಲ. ಕೆಲಸ ನಡೆಯುವ ಜಾಗಕ್ಕೇ ಅದು ಹೋಗಬೇಕು. ಅಕ್ಕನ ಆರ್ಡರ್ ಚೀಟಿಯಲ್ಲಿ ಈಗ ಜಿಪ್, ಬಟನ್, ರಿವಿಟ್ ಅಂತ ಮೂರು ಖಾಲಿ ಖಾನೆ ಇವೆ. ಅವು ತುಂಬದೆ ಚೀಟಿ ಮುಂದೆ ಹೋಗಲ್ಲ. ಓದುವ ಹುಡುಗನಿಗಾದರೆ ಟೇಬಲ್ ಮುಂದಿನ ಗೋಡೆ, ಗದ್ದೆಯವರಿಗೆ ಪಂಪ್‌ಸೆಟ್ಟಿನ ಡಬ್ಬಿಯ ಬಾಗಿಲ ಒಳಗಡೆ.

ಐದು ನಿಮಿಷ: ಗೆಲುವು, ಮತ್ತು ಅದರ ಕಾರಣ

ಗೆಲುವು ಬರೆಯುವುದು ಬೆನ್ನು ತಟ್ಟಿಕೊಳ್ಳಲು ಮಾತ್ರ ಅಲ್ಲ. ಸರಿಯಾಗಿ ಆದದ್ದು ಯಾಕೆ ಸರಿಯಾಯಿತು ಅಂತ ಗೊತ್ತಿದ್ದರೆ ಮತ್ತೆ ಮಾಡಬಹುದು. ಒಂದೋ ಎರಡೋ ಸಾಕು, ಪ್ರತಿಯೊಂದರ ಪಕ್ಕ ಕಾರಣ ಇರಲೇಬೇಕು.

ಇಲ್ಲಿ ಒಂದು ಮೋಸ ಇದೆ, ನೋಡಿ. ಅಕ್ಕ ಶುಕ್ರವಾರದ 71 ಅನ್ನು ಗೆಲುವು ಅಂತ ಬರೆಯಲು ಹೊರಟಿದ್ದಳು. ಆದರೆ ಬುಧವಾರ, ಗುರುವಾರ ಜಿಪ್ ಇಲ್ಲದಾಗ ಟೈಲರ್‌ಗಳು ಕೈಕಟ್ಟಿ ಕೂತಿರಲಿಲ್ಲ. ಹಿಂದಿನ ಭಾಗ, ಜೇಬು ಹೊಲಿದು ರಾಶಿ ಹಾಕಿದ್ದರು. ಶುಕ್ರವಾರ ಆ ರಾಶಿ ಮುಗಿಸಿದ್ದಕ್ಕೆ ಲೆಕ್ಕ ಏರಿತು. ವೇಗ ಹೆಚ್ಚಿದ್ದಲ್ಲ. ಇದನ್ನು ಗೆಲುವು ಅಂದುಕೊಂಡು ಮುಂದಿನ ಪಾರ್ಟಿಗೆ ದಿನಕ್ಕೆ 70 ಕೊಡುತ್ತೇನೆ ಅಂತ ಮಾತು ಕೊಟ್ಟರೆ ಕಷ್ಟ. ಒಂದು ಒಳ್ಳೆಯ ಸಂಖ್ಯೆ ಕಂಡಾಗ ಅದರ ಹಿಂದಿನ ಎರಡು ದಿನ ನೋಡಿ.

ನಿಜವಾದ ಗೆಲುವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದಿನ ಆರ್ಡರಿನ ಲಾಟ್ ಆ ವಾರ ವಾಷಿಂಗ್‌ನಿಂದ ಬಂದಿತ್ತು, ಒಂದು ಪ್ಯಾಂಟಿನಲ್ಲೂ ಎರಡು ಕಾಲಿಗೆ ಎರಡು ಬಣ್ಣ ಇರಲಿಲ್ಲ. ಡೆನಿಮ್ ಬಟ್ಟೆ ರೋಲಿನಿಂದ ರೋಲಿಗೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹೊಲಿಯುವಾಗ ಕಾಣಲ್ಲ, ವಾಷ್ ಆದ ಮೇಲೆ ಎದ್ದು ಕಾಣುತ್ತದೆ. ಒಂದು ರೋಲಿನ ಎಡಗಾಲು, ಇನ್ನೊಂದು ರೋಲಿನ ಬಲಗಾಲು ಸೇರಿಬಿಟ್ಟರೆ ಆ ಪೀಸ್ ಕಡಿಮೆ ಬೆಲೆಯ ಸೆಕೆಂಡ್ಸ್ ಮಾಲಿಗೆ ಹೋಗುತ್ತದೆ. ಕೆಲವು ವಾರದ ಹಿಂದೆ ಬರೆದ ಪಾಠ ಇದೇ ಇತ್ತು: "ಬಂಡಲ್ ಕಟ್ಟುವಾಗ ರೋಲ್ ನಂಬರ್ ಚೀಟಿ ಕಟ್ಟುವುದು, ಚೀಟಿ ಇಲ್ಲದ ಬಂಡಲ್ ಮಷಿನ್‌ಗೆ ಕೊಡದಿರುವುದು." ಅದು ಕೆಲಸ ಮಾಡುತ್ತಿದೆ ಅಂತ ಗೊತ್ತಾದದ್ದು ಆ ಭಾನುವಾರ. ಏನೂ ಕೆಟ್ಟದ್ದು ಆಗಲಿಲ್ಲ ಅನ್ನುವ ಗೆಲುವು ಹುಡುಕಿದರೆ ಮಾತ್ರ ಸಿಗುತ್ತದೆ. ಅದಕ್ಕೆ ನನ್ನ ಸಲಹೆ: ಹಳೆಯ ಪಾಠಗಳಲ್ಲಿ ಒಂದನ್ನು ಪ್ರತಿ ವಾರ ತೆಗೆದು, ಆ ತೊಂದರೆ ಮತ್ತೆ ಬಂತಾ ಅಂತ ಕೇಳಿಕೊಳ್ಳಿ.

ಕೊನೆಯ ಏಳು ನಿಮಿಷ: ಮುಂದಿನ ಮೂರು

ಕೆಲಸದ ಪಟ್ಟಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ಮದುವೆ, ಹಬ್ಬ, ಮಕ್ಕಳ ಪರೀಕ್ಷೆ ಯಾವ ದಿನ ಅಂತ ನೋಡಿ. ಜನವರಿ ಆದರೆ ಕೊಪ್ಪಳದ ಗವಿಮಠದ ಜಾತ್ರೆಗೆ ಯಾರ್ಯಾರು ರಜೆ ಹಾಕುತ್ತಾರೆ ಅಂತಲೂ. ತಿಂಗಳ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11 ಮತ್ತು 20ನೇ ತಾರೀಖು. ಇವನ್ನೆಲ್ಲ ಕಳೆದು ಉಳಿದ ಹೊತ್ತು ಎಷ್ಟು ಅಂತ ನೋಡಿ, ಅದರ ಅರ್ಧಕ್ಕೆ ಮಾತ್ರ ಕೆಲಸ ಹಾಕಿಕೊಳ್ಳಿ. ಉಳಿದ ಅರ್ಧವನ್ನು ಬರುವ ಫೋನು, ಕೆಡುವ ಮಷಿನ್ ತಿನ್ನುತ್ತವೆ. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ನಾವು ಅಂದಾಜು ಮಾಡುವಾಗ ಎಲ್ಲವೂ ಸರಿಯಾಗಿ ನಡೆಯುವ ದಿನವನ್ನೇ ಕಣ್ಣ ಮುಂದೆ ಇಟ್ಟುಕೊಂಡಿರುತ್ತೇವೆ. ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲೇ ಇದನ್ನು ಗುರುತಿಸಿ ಹೆಸರು ಕೊಟ್ಟಿದ್ದರು. ಇದಕ್ಕೆ ಮದ್ದು ಅಂದರೆ ಹಿಂದೆ ಅಂಥ ಕೆಲಸಕ್ಕೆ ನಿಜವಾಗಿ ಎಷ್ಟು ಹಿಡಿದಿತ್ತು ಅಂತ ನೋಡುವುದು. ನಿಮ್ಮ ಎಡಗಡೆ ಪುಟಗಳಲ್ಲಿ ಅದು ಇದೆ.

ಮೂರಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದಕ್ಕೂ ದಿನ ಮತ್ತು ಮೊದಲ ಹೆಜ್ಜೆ ಬೇಕು. ಅಕ್ಕನದು:

1. ಉಳಿದ 82 ಪೀಸ್ ಮಂಗಳವಾರ ಮಧ್ಯಾಹ್ನ ವಾಷಿಂಗ್‌ಗೆ. ಮೊದಲ ಹೆಜ್ಜೆ: ಪಾರ್ಟಿಗೆ ಇವತ್ತೇ ಫೋನ್ ಮಾಡಿ ದಿನ ಹೇಳುವುದು.
2. ಹಳೆಯ ಎರಡು ಬಿಲ್ಲಿನ ಬಾಕಿ ವಸೂಲಿ, ಬುಧವಾರ ಬೆಳಗ್ಗೆ 11ಕ್ಕೆ ಫೋನ್. ಮೊದಲ ಹೆಜ್ಜೆ: ಸೋಮವಾರ ರಾತ್ರಿ ಚಲನ್ ಪುಸ್ತಕದಿಂದ ಮೊತ್ತ ಕೂಡಿಸಿ ಚೀಟಿಯಲ್ಲಿ ಬರೆಯುವುದು.
3. ಓವರ್‌ಲಾಕ್ ಮಷಿನ್ ಸರ್ವಿಸ್, ಗುರುವಾರ. ಮೊದಲ ಹೆಜ್ಜೆ: ಸೋಮವಾರ ಮೆಕ್ಯಾನಿಕ್‌ಗೆ ಫೋನ್.

ಮೂರನೆಯದನ್ನು ಗಮನಿಸಿ. "ಓವರ್‌ಲಾಕ್ ರಿಪೇರಿ" ಅಂತ ಅದು ಹಿಂದಿನ ಮೂರು ಪುಟದಲ್ಲೂ ಇತ್ತು. ಒಂದು ಕೆಲಸ ಮೂರು ವಾರ ಹಾಗೇ ಮುಂದಕ್ಕೆ ಬಂದರೆ ನಾಲ್ಕನೇ ಸಲ ಅದೇ ರೂಪದಲ್ಲಿ ಬರೆಯಬೇಡಿ. ಒಂದೋ ಐದು ನಿಮಿಷದ ಮೊದಲ ಹೆಜ್ಜೆಯಾಗಿ ಒಡೆಯಿರಿ, ಇಲ್ಲವೇ ಇನ್ನೊಬ್ಬರಿಗೆ ಒಪ್ಪಿಸಿ, ಇಲ್ಲವೇ ಹೊಡೆದು ಹಾಕಿ. ಅಕ್ಕನಿಗೆ ಅಡ್ಡಿ ಆಗಿದ್ದದ್ದು ಇಷ್ಟೇ: ಹಳೆಯ ಮೆಕ್ಯಾನಿಕ್ ಊರು ಬಿಟ್ಟಿದ್ದರು, ಹೊಸಬರ ನಂಬರ್ ಇರಲಿಲ್ಲ. ನಂಬರ್ ಪಕ್ಕದ ಯೂನಿಟ್‌ನವರ ಹತ್ತಿರ ಸಿಕ್ಕಿತು.

ಮೂರರ ಕೆಳಗೆ ಒಂದು ಸಾಲು: "ಈ ವಾರ ಮಾಡಲ್ಲ." ಅಕ್ಕ ಬರೆದದ್ದು, ಹೊಸ ಪಾರ್ಟಿಯ ಶರ್ಟ್ ಆರ್ಡರಿನ ಮಾತುಕತೆ ಈ ವಾರ ಇಲ್ಲ. ಹೀಗೆ ಬರೆದಿಟ್ಟರೆ ಬುಧವಾರ ಆ ಫೋನ್ ಬಂದಾಗ "ಮುಂದಿನ ವಾರ ಮಾತಾಡೋಣ ರೀ" ಅನ್ನಲು ಸುಲಭ.

ಸರಿ ಹೋಗುತ್ತಿದೆಯಾ ಅಂತ ತಿಳಿಯುವುದು ಹೇಗೆ

ನಾಲ್ಕು ಪುಟ ಆದ ಮೇಲೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಂಡು ನಾಲ್ಕನ್ನೂ ಒಟ್ಟಿಗೆ ಓದಿ. ಪ್ರತಿ ವಾರ ಮೂರಕ್ಕೆ ಮೂರೂ ಮುಗಿದಿದ್ದರೆ ನೀವು ಸುಲಭದ ಕೆಲಸಗಳನ್ನೇ ಆರಿಸುತ್ತಿದ್ದೀರಿ. ಒಂದೂ ಮುಗಿಯುತ್ತಿಲ್ಲ ಅಂದರೆ ದೊಡ್ಡ ಕೆಲಸಗಳನ್ನು ಒಡೆಯದೆ ಬರೆಯುತ್ತಿದ್ದೀರಿ. ಎರಡರ ಆಸುಪಾಸು ಇದ್ದರೆ ಸರಿ ಅಂತ ನನ್ನ ಲೆಕ್ಕ. ಒಂದೇ ಪಾಠ ಬೇರೆ ಬೇರೆ ಮಾತಿನಲ್ಲಿ ಎರಡು ಸಲ ಬಂದಿದ್ದರೆ, ಅದನ್ನು ಬರೆದ ಜಾಗ ತಪ್ಪು, ಕೆಲಸದ ಹತ್ತಿರಕ್ಕೆ ಅದು ಹೋಗಿಲ್ಲ. ಪುಟದ ತುಂಬ ಬೇರೆಯವರ ಹೆಸರುಗಳೇ ಇದ್ದರೆ ಅಥವಾ ನಿಮ್ಮನ್ನು ನೀವೇ ಬೈದುಕೊಂಡ ಸಾಲುಗಳೇ ಇದ್ದರೆ, ಎಡಗಡೆ ಪುಟವನ್ನು ದಾಖಲೆಯಿಂದ ಬರೆಯುವುದು ನಿಂತಿದೆ ಅಂತ ಅರ್ಥ. ಮತ್ತೆ ಅಲ್ಲಿಂದ ಶುರು ಮಾಡಿ.

ಒಂದು ವಾರ ತಪ್ಪಿದರೆ ಅದನ್ನು ತುಂಬಲು ಹೋಗಬೇಡಿ. ತಾರೀಖು ಬರೆದು ಪುಟ ಖಾಲಿ ಬಿಡಿ, ಈ ವಾರದ ಆರು ಸಾಲು ಬರೆಯಿರಿ. ಹತ್ತೇ ನಿಮಿಷ ಇದೆ ಅನ್ನುವ ಭಾನುವಾರವೂ ಬರುತ್ತದೆ, ಊರಿಗೆ ಹೊರಟಿರುತ್ತೀರಿ, ಮನೆಗೆ ಯಾರೋ ಬಂದಿರುತ್ತಾರೆ. ಆಗ ಗೆಲುವು ಬಿಡಿ, ಪಾಠವನ್ನೂ ಬಿಡಿ. ದಿನಕ್ಕೊಂದು ಸಾಲು ಮತ್ತು ಮುಂದಿನ ಮೂರು ಕೆಲಸ, ಇವೆರಡನ್ನು ಮಾತ್ರ ಬರೆಯಿರಿ. ಸಾಲುಗಳು ಇದ್ದರೆ ಪಾಠವನ್ನು ಮುಂದಿನ ಭಾನುವಾರ ಅವುಗಳಿಂದಲೇ ತೆಗೆಯಬಹುದು.